ಒಂದು ನಿಮಿಷದ ಧ್ವನಿಗೆ ಎಷ್ಟು ನಿಮಿಷದ ದುಡಿಮೆ? ಟ್ರಾನ್ಸ್‌ಕ್ರಿಪ್ಷನ್ ಮತ್ತು ಸಬ್‌ಟೈಟಲ್ ಕೆಲಸಕ್ಕೆ ಮೂರು ದಾರಿಗಳ ಹೋಲಿಕೆ

ಕನ್ನಡದ ಸಂದರ್ಶನ, ಉಪನ್ಯಾಸ, ಸಾಕ್ಷ್ಯಚಿತ್ರಗಳ ಧ್ವನಿಯನ್ನು ಬರಹಕ್ಕೆ ಇಳಿಸಿಕೊಡುವ ಕೆಲಸವನ್ನು ಮನೆಯಿಂದಲೇ ಮಾಡಲು ಹೊರಟವರಿಗೆ ಮೊದಲ ವಾರದಲ್ಲೇ ಎರಡು ಗೊಂದಲಗಳು ಎದುರಾಗುತ್ತವೆ. ಕೇಳುತ್ತ ಕೇಳುತ್ತ ಕೈಯಿಂದಲೇ ಟೈಪ್ ಮಾಡಬೇಕೋ, ಯಂತ್ರ ಕೊಡುವ ಕರಡನ್ನು ತಿದ್ದಬೇಕೋ, ಅಥವಾ ಕೇಳಿದ್ದನ್ನು ತಾವೇ ಬಾಯಿಬಿಟ್ಟು ಹೇಳಿ ಬರೆಸಬೇಕೋ ಎಂಬುದು ಒಂದು. ಆಡಿಯೊದ ಪ್ರತಿ ನಿಮಿಷಕ್ಕೆ ಎಷ್ಟು ದರ ಹೇಳಬೇಕು ಎಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಎರಡಕ್ಕೂ ಉತ್ತರ ಸಿಗುವುದು ಒಂದೇ ಅಳತೆಯಿಂದ. ಒಂದು ನಿಮಿಷದ ಧ್ವನಿಯನ್ನು ತಪ್ಪಿಲ್ಲದ ಬರಹವಾಗಿಸಲು ನಿಮಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದೇ ಆ ಅಳತೆ. ಈ ಲೆಕ್ಕ ಕೈಯಲ್ಲಿಲ್ಲದೆ ಹೇಳಿದ ದರ ಊಹೆಯ ದರವಾಗಿರುತ್ತದೆ, ಮತ್ತು ಊಹೆ ತಪ್ಪಿದಾಗ ನಷ್ಟ ಯಾವಾಗಲೂ ಟೈಪ್ ಮಾಡುವವರದ್ದೇ ಆಗಿರುತ್ತದೆ.

ನಾನು ಇದನ್ನು ಕಲಿತದ್ದು ನಷ್ಟದಿಂದಲೇ. ಕೆಲಸ ಆರಂಭಿಸಿದ ವರ್ಷ ಒಂದು ಸಂಸ್ಥೆಯವರು 90 ನಿಮಿಷದ ಆಡಿಯೊ ಇದೆ ಎಂದಾಗ, ಕೇಳಿಸಿಕೊಳ್ಳದೆಯೇ ನಿಮಿಷಕ್ಕೆ 25 ರೂಪಾಯಿ ಎಂದು ಒಪ್ಪಿಕೊಂಡೆ. ಕಡತ ತೆರೆದಾಗ ಗೊತ್ತಾಯಿತು, ಅದು ಒಂಬತ್ತು ಜನ ಸುತ್ತ ಕುಳಿತು ಮಾತನಾಡಿದ ಸಭೆ, ಮೊಬೈಲನ್ನು ಇಟ್ಟಿದ್ದದ್ದು ತಿರುಗುವ ಫ್ಯಾನಿನ ಕೆಳಗಿನ ಮೇಜಿನ ಮೇಲೆ. ಮುಗಿಸಲು 16 ಗಂಟೆ ಬೇಕಾಯಿತು. ಬಂದದ್ದು 2,250 ರೂಪಾಯಿ, ಅಂದರೆ ಗಂಟೆಗೆ ಸುಮಾರು 140. ಅಂದಿನಿಂದ ಯಾವ ಕೆಲಸಕ್ಕೂ ಕಡತದ ಮಾದರಿ ಕೇಳದೆ ದರ ಹೇಳಿಲ್ಲ.

ಯಾವುದನ್ನು ಅಳೆಯಬೇಕು

ಮೂರು ದಾರಿಗಳನ್ನು ತೂಗಲು ನಾನು ನಾಲ್ಕು ಸಂಗತಿಗಳನ್ನು ನೋಡುತ್ತೇನೆ. ಮೊದಲನೆಯದು ಮೇಲೆ ಹೇಳಿದ ಸಮಯದ ಅನುಪಾತ. ಇದರಲ್ಲಿ ಟೈಪ್ ಮಾಡಿದ ಹೊತ್ತಷ್ಟೇ ಅಲ್ಲ, ಮರುಪರಿಶೀಲನೆಯ ಹೊತ್ತೂ ಸೇರಿರಬೇಕು. ಎರಡನೆಯದು ಕೊನೆಗೆ ಉಳಿಯುವ ತಪ್ಪುಗಳ ಸ್ವಭಾವ. ಎಷ್ಟು ತಪ್ಪು ಎಂಬುದಕ್ಕಿಂತ ಎಂಥ ತಪ್ಪು ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಕಣ್ಣಿಗೆ ಹೊಡೆಯುವ ತಪ್ಪನ್ನು ಯಾರು ಬೇಕಾದರೂ ತಿದ್ದಬಹುದು, ಆದರೆ ಸರಿಯಾದ ವಾಕ್ಯದಂತೆಯೇ ಓದಿಸಿಕೊಳ್ಳುವ ತಪ್ಪು ಅಚ್ಚಾಗುವವರೆಗೂ ಸಿಕ್ಕಿಬೀಳುವುದಿಲ್ಲ. ಮೂರನೆಯದು ಗೋಪ್ಯತೆ, ಅಂದರೆ ಧ್ವನಿಯ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆಯೋ ಬೇರೆಯವರ ಸರ್ವರಿಗೆ ಹೋಗುತ್ತದೆಯೋ ಎಂಬುದು. ನಾಲ್ಕನೆಯದು ಬಂಡವಾಳ. ಇದರ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ, ಈ ಕೆಲಸಕ್ಕೆ ಬೇಕಾದ ಮುಖ್ಯ ಸಾಫ್ಟ್‌ವೇರ್‌ಗಳು ಉಚಿತವಾಗಿಯೇ ಸಿಗುತ್ತವೆ. ಆರಂಭದಲ್ಲಿ ಹಣ ಹಾಕಬೇಕಾದ ಒಂದೇ ವಸ್ತು ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯುಳ್ಳ ಒಳ್ಳೆಯ ಹೆಡ್‌ಫೋನು.

ಹೋಲಿಕೆಗೆ ನಾನು ಮಾಡಿದ ಒಂದು ಕೆಲಸವನ್ನೇ ಇಟ್ಟುಕೊಳ್ಳುತ್ತೇನೆ. ಸಾಕ್ಷ್ಯಚಿತ್ರವೊಂದಕ್ಕಾಗಿ ಇಳಕಲ್ಲಿನ ಹಿರಿಯ ನೇಕಾರ ಮಹಿಳೆಯೊಬ್ಬರನ್ನು ಮಾತನಾಡಿಸಿದ 42 ನಿಮಿಷದ ಸಂದರ್ಶನ ಅದು. ಮೊದಲು ಪೂರ್ತಿ ಮಾತಿನ ಬರಹ ಬೇಕಿತ್ತು, ಆಮೇಲೆ ಚಿತ್ರಕ್ಕೆ ಆರಿಸಿಕೊಂಡ 12 ನಿಮಿಷಕ್ಕೆ ಇಂಗ್ಲಿಷ್ ಸಬ್‌ಟೈಟಲ್. ಹಿನ್ನೆಲೆಯಲ್ಲಿ ಮಗ್ಗದ ಸದ್ದು, ಮಾತು ಅಪ್ಪಟ ಆ ಸೀಮೆಯ ಕನ್ನಡ. ಇದಕ್ಕೆ ಎದುರಾಗಿ, ಸಭಾಂಗಣದಲ್ಲಿ ಮೈಕಿನ ಮುಂದೆ ಒಬ್ಬರೇ ಗ್ರಾಂಥಿಕ ಕನ್ನಡದಲ್ಲಿ ಮಾಡಿದ ಉಪನ್ಯಾಸವೊಂದನ್ನೂ ಅಳೆದು ನೋಡಿದ್ದೇನೆ.

ಕೈಯಿಂದ ಟೈಪ್ ಮಾಡುವುದು

ಇದು ಹಳೆಯ ದಾರಿ, ಇಂದಿಗೂ ಹೆಚ್ಚು ನಂಬಬಹುದಾದ ದಾರಿ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಓಟ್ರಾನ್ಸ್‌ಕ್ರೈಬ್ ಇದಕ್ಕೆ ಸಾಕು. ಧ್ವನಿಯನ್ನು ನಿಲ್ಲಿಸಲು ಮತ್ತು ನಡೆಸಲು `Esc`, ಹಿಂದೆ ಹೋಗಲು `F1`, ನಿಧಾನ ಮಾಡಲು `F3`, ಸಮಯದ ಗುರುತು ಹಾಕಲು `Ctrl+J` ಒತ್ತಿದರೆ ಆಯಿತು, ಕೈ ಕೀಲಿಮಣೆ ಬಿಟ್ಟು ಮೌಸಿನ ಕಡೆ ಹೋಗಬೇಕಿಲ್ಲ. ಧ್ವನಿಯ ಕಡತ ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಬರೆದ ಪಠ್ಯವೂ ಬ್ರೌಸರಿನಲ್ಲೇ ಉಳಿಯುತ್ತದೆ, ಹಾಗಾಗಿ ಬ್ರೌಸರಿನ ದತ್ತಾಂಶ ಅಳಿಸಿದರೆ ಕೆಲಸವೂ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಪಠ್ಯವನ್ನು ಬೇರೆ ಕಡತಕ್ಕೆ ಇಳಿಸಿಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕಾಲಿನಿಂದ ಒತ್ತುವ ಪೆಡಲ್ ಇಟ್ಟುಕೊಂಡು ಕೆಲಸ ಮಾಡಲು ಬಯಸುವವರಿಗೆ ಎಕ್ಸ್‌ಪ್ರೆಸ್ ಸ್ಕ್ರೈಬ್ ಹೊಂದುತ್ತದೆ.

ಕನ್ನಡದಲ್ಲಿ ಈ ದಾರಿಯ ವೇಗ ನಿರ್ಧಾರವಾಗುವುದು ಕೀಲಿಮಣೆಯ ವಿನ್ಯಾಸದಿಂದ. ಇಂಗ್ಲಿಷ್ ಅಕ್ಷರ ಒತ್ತಿ ಪಟ್ಟಿಯಿಂದ ಕನ್ನಡ ಪದ ಆರಿಸುವ ವಿಧಾನದಲ್ಲಿ ಕಣ್ಣು ಪ್ರತಿ ಪದಕ್ಕೂ ಪಟ್ಟಿಯ ಕಡೆ ಹೊರಳುತ್ತದೆ, ಕೇಳುವ ಗಮನ ಅಲ್ಲಿಗೆ ಕಡಿಯುತ್ತದೆ. ಆಡುಮಾತಿನ ರೂಪಗಳನ್ನು ಆ ಪಟ್ಟಿ ಶಿಷ್ಟರೂಪಕ್ಕೆ ತಿರುಗಿಸಿಯೂ ಬಿಡುತ್ತದೆ. ಕೆ.ಪಿ. ರಾವ್ ವಿನ್ಯಾಸ ಅಥವಾ ಇನ್‌ಸ್ಕ್ರಿಪ್ಟ್ ಕಲಿತವರ ಬೆರಳು ಕಿವಿಯ ಹಿಂದೆಯೇ ಓಡಬಲ್ಲದು. ಈ ಕೆಲಸದಲ್ಲಿ ವರ್ಷಗಟ್ಟಲೆ ಉಳಿಯುವ ಉದ್ದೇಶವಿದ್ದರೆ ಎರಡರಲ್ಲಿ ಒಂದನ್ನು ಕಲಿಯಲು ಒಂದು ತಿಂಗಳು ಕೊಡುವುದು ಯಾವ ಸಾಫ್ಟ್‌ವೇರಿಗಿಂತ ಹೆಚ್ಚು ಲಾಭ ತರುತ್ತದೆ. ಪಠ್ಯವನ್ನು ಯುನಿಕೋಡಿನಲ್ಲೇ ಇಟ್ಟುಕೊಳ್ಳಿ. ಗ್ರಾಹಕರು ಅಚ್ಚಿಗಾಗಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿ ಕೊಡಬಹುದು, ಮತ್ತು ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಬೇಕು.

ಇಳಕಲ್ ಸಂದರ್ಶನದ ನಾಲ್ಕು ನಿಮಿಷವನ್ನು ಹೀಗೆ ಟೈಪ್ ಮಾಡಲು ನನಗೆ 30 ನಿಮಿಷ ಬೇಕಾಯಿತು, ಅಂದರೆ ನಿಮಿಷಕ್ಕೆ ಏಳೂವರೆ. ಉಪನ್ಯಾಸಕ್ಕೆ ನಿಮಿಷಕ್ಕೆ ಐದು. ಇಲ್ಲಿ ಉಳಿಯುವ ತಪ್ಪುಗಳು ಹೆಚ್ಚಾಗಿ ಬೆರಳ ತಪ್ಪುಗಳು, ಅಥವಾ ಆಯಾಸದಿಂದ ಅರ್ಧ ವಾಕ್ಯ ಬಿಟ್ಟುಹೋದ ತಪ್ಪುಗಳು. ಕೇಳಿಸದೆ ಹೋದದ್ದು ಕೇಳಿಸಲಿಲ್ಲ ಎಂದು ಗೊತ್ತಿರುತ್ತದೆ, ಅಲ್ಲಿ `[ಅಸ್ಪಷ್ಟ 00:14:32]` ಎಂದು ಬರೆದು ಮುಂದೆ ಹೋಗಬಹುದು. ಈ ಒಂದು ಗುಣ ಮುಂದಿನ ದಾರಿಗೆ ಇಲ್ಲ.

ಯಂತ್ರದ ಕರಡನ್ನು ತಿದ್ದುವುದು

ಮಾತನ್ನು ಗುರುತಿಸುವ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2022ರಲ್ಲಿ ಬಿಡುಗಡೆಯಾದ ವಿಸ್ಪರ್. ಅದು ಕನ್ನಡವನ್ನೂ ಬಲ್ಲದು, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಹಣ ಕೇಳುವುದಿಲ್ಲ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಭಾರತದ ಭಾಷೆಗಳಿಗೆಂದೇ ಸಿದ್ಧಪಡಿಸಿದ ಮಾದರಿಗಳೂ ಇವೆ. ಕೆಲಸದ ಕ್ರಮ ಸರಳ. ಟರ್ಮಿನಲ್ ಕಿಟಕಿಯಲ್ಲಿ `ffmpeg` ಎಂಬ ಉಚಿತ ಸಾಧನದಿಂದ ವಿಡಿಯೊದ ಧ್ವನಿಯನ್ನು ಬೇರ್ಪಡಿಸಿ, ವಿಸ್ಪರಿಗೆ ಭಾಷೆ ಕನ್ನಡವೆಂದು ತಿಳಿಸಿ, ಸಮಯದ ಗುರುತುಗಳುಳ್ಳ ಕರಡು ಪಡೆಯಬೇಕು.

```
ffmpeg -i ilkal.mp4 -vn -ac 1 -ar 16000 ilkal.wav
whisper ilkal.wav --language kn --model large-v3 --output_format srt
```

ಭಾಷೆಯನ್ನು ತಿಳಿಸದೆ ಬಿಟ್ಟರೆ ಅದು ಮೊದಲ ಅರ್ಧ ನಿಮಿಷವನ್ನು ಕೇಳಿ ತಾನೇ ಊಹಿಸುತ್ತದೆ, ಊಹೆ ತಪ್ಪಿದರೆ ಇಡೀ ಕರಡು ಬೇರೆ ಭಾಷೆಯ ಲಿಪಿಯಲ್ಲಿ ಬಂದು ಕೂರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪಿನಲ್ಲಿ ದೊಡ್ಡ ಮಾದರಿ ಬಹಳ ನಿಧಾನ, ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವುದು ಒಳ್ಳೆಯದು.

ಉಪನ್ಯಾಸದ ಮಟ್ಟಿಗೆ ಈ ದಾರಿಗೆ ಸಾಟಿಯಿಲ್ಲ. ಕರಡು ಬಹುಪಾಲು ಸರಿಯಿದ್ದು, ತಿದ್ದಲು ನಿಮಿಷಕ್ಕೆ ಎರಡೇ ನಿಮಿಷ ಸಾಕಾಯಿತು. ಇಳಕಲ್ ಸಂದರ್ಶನದಲ್ಲಿ ಅದೇ ಕೆಲಸಕ್ಕೆ ನಿಮಿಷಕ್ಕೆ ಆರು ಹಿಡಿಯಿತು, ಅಂದರೆ ಕೈಯಿಂದ ಟೈಪ್ ಮಾಡಿದ್ದಕ್ಕಿಂತ ಹೆಚ್ಚೇನೂ ಉಳಿತಾಯವಿಲ್ಲ. ಸಮಯಕ್ಕಿಂತ ನನ್ನನ್ನು ಹೆದರಿಸಿದ್ದು ತಪ್ಪುಗಳ ಸ್ವಭಾವ. ಆ ಅಜ್ಜಿ ಸೀರೆಯ ಅಂಚುಗಳ ಬಗೆ ಹೇಳುತ್ತ ಗೋಮಿ ದಡಿ, ಗಾಯತ್ರಿ ದಡಿ ಎಂದಿದ್ದರು. ಕರಡಿನಲ್ಲಿ ದಡಿ ಎಂಬುದು ಗಡಿ ಆಗಿತ್ತು, ಗಾಯತ್ರಿ ಒಬ್ಬ ಹೆಂಗಸಿನ ಹೆಸರಿನಂತೆ ವಾಕ್ಯದಲ್ಲಿ ನಿಂತಿತ್ತು. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೂಡಿಸುವ ಕೊಂಡಿ ಹಾಕುವ ಕ್ರಮವನ್ನು ಅವರು ವಿವರಿಸಿದ ಕಡೆ ಕೊಂಡಿ ಎಂಬುದು ಕಂಡು ಎಂದಾಗಿತ್ತು. ಇಳಕಲ್ ಸೀರೆಯ ಹೆಗ್ಗುರುತೇ ಆ ಕೊಂಡಿ, ಅದು ಹೋದರೆ ಆ ಇಡೀ ಭಾಗಕ್ಕೆ ಅರ್ಥವಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಮಜೂರಿಯ ಮಾತು. ಹಿಂದೆ ಸೀರೆಯೊಂದಕ್ಕೆ ಎಷ್ಟು ಕೊಡುತ್ತಿದ್ದರು ಎಂಬುದಕ್ಕೆ ಅವರ ಉತ್ತರ, ಸರಿಯಾಗಿ ಕೇಳಿ ಬರೆದು ಸಬ್‌ಟೈಟಲಿನ ಸಮಯ ಕೂಡಿಸಿದ ಮೇಲೆ, ಹೀಗಿತ್ತು:

```
118
00:14:29,200 --> 00:14:33,800
ಆವಾಗ ಒಂದ್ ಸೀರಿಗಿ ದೀಡ್ ನೂರ್ ರೂಪಾಯಿ.
ಅದನ್ನೂ ವಾರಕ್ ಸರಿಯಾಗಿ ಕೊಡ್ತಿದ್ದಿಲ್ಲ.
```

ಯಂತ್ರದ ಕರಡಿನಲ್ಲಿ ದೀಡ್ ಎಂಬುದು ಬಿಟ್ಟುಹೋಗಿ ಬರೀ ನೂರು ಉಳಿದಿತ್ತು, 150 ಇದ್ದದ್ದು 100 ಆಯಿತು. ಕೊಡ್ತಿದ್ದಿಲ್ಲ ಎಂಬುದು ಕೊಡ್ತಿದ್ರಲ್ಲ ಎಂದಾಗಿತ್ತು. ಕೊಡುತ್ತಿರಲಿಲ್ಲ ಎಂದ ಹೆಂಗಸು, ಕೊಡುತ್ತಿದ್ದರು ಎಂದು ನೆನೆಯುವಂತಾಯಿತು. ಎರಡೂ ವ್ಯಾಕರಣಬದ್ಧ ವಾಕ್ಯಗಳು. ಧ್ವನಿ ಕೇಳದೆ ಪಠ್ಯವನ್ನಷ್ಟೇ ಓದಿ ತಿದ್ದುವವರಿಗೆ ಇಲ್ಲಿ ಏನೂ ಅನುಮಾನ ಬರುವುದಿಲ್ಲ. ಯಂತ್ರ ಕೇಳಿಸಲಿಲ್ಲ ಎಂದು ಹೇಳುವುದಿಲ್ಲ, ಏನನ್ನಾದರೂ ಬರೆದೇ ಬಿಡುತ್ತದೆ. ಮಾತಿಲ್ಲದೆ ಮಗ್ಗದ ಸದ್ದಷ್ಟೇ ಇದ್ದ ಕಡೆ ಹಿಂದಿನ ವಾಕ್ಯವನ್ನೇ ನಾಲ್ಕಾರು ಬಾರಿ ಬರೆದದ್ದೂ ಉಂಟು. ಹೀಗಾಗಿ ಈ ದಾರಿ ಹಿಡಿದರೆ ಮರುಪರಿಶೀಲನೆಗೆ ಉಳಿದ ಎರಡು ದಾರಿಗಳಿಗಿಂತ ಹೆಚ್ಚು ಹೊತ್ತು ಇಡಬೇಕು, ಆ ಹೊತ್ತನ್ನು ದರದಲ್ಲಿ ಸೇರಿಸಬೇಕು.

ಕೇಳಿ, ತಾವೇ ಹೇಳಿ ಬರೆಸುವುದು

ಮೂರನೆಯ ದಾರಿಯನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆಡ್‌ಫೋನಿನಲ್ಲಿ ಒಂದೊಂದು ವಾಕ್ಯ ಕೇಳಿ, ನಿಲ್ಲಿಸಿ, ಅದನ್ನೇ ಸ್ಪಷ್ಟವಾಗಿ ಮೈಕಿಗೆ ಹೇಳುವುದು, ಗೂಗಲ್ ಡಾಕ್ಸಿನ ಧ್ವನಿ ಟೈಪಿಂಗ್ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು, ಇಷ್ಟೇ ಇದರ ಕ್ರಮ. ಗದ್ದಲದ ಧ್ವನಿಯನ್ನು ಅರ್ಥ ಮಾಡಿಕೊಳ್ಳುವ ಕಷ್ಟದ ಕೆಲಸವನ್ನು ಮನುಷ್ಯರ ಕಿವಿ ಮಾಡುತ್ತದೆ, ಅಕ್ಷರ ಒತ್ತುವ ನಿಧಾನದ ಕೆಲಸವನ್ನು ಯಂತ್ರ ಮಾಡುತ್ತದೆ. ನಿಮ್ಮ ಧ್ವನಿ ಮೈಕಿಗೆ ಹತ್ತಿರವಿದ್ದು, ಹಿಂದೆ ಮಗ್ಗವಾಗಲಿ ಫ್ಯಾನಾಗಲಿ ಇಲ್ಲದ್ದರಿಂದ, ಯಂತ್ರ ಈಗ ಬಹಳ ಕಡಿಮೆ ತಪ್ಪು ಮಾಡುತ್ತದೆ. ಟೈಪಿಂಗಿನಲ್ಲಿ ಕೈ ಓಡದವರಿಗೂ ಬೆರಳು, ಮಣಿಕಟ್ಟು ನೋವಿರುವವರಿಗೂ ಇದು ವರದಾನವೇ ಸರಿ.

ಇಳಕಲ್ ಸಂದರ್ಶನದ ನಾಲ್ಕು ನಿಮಿಷಕ್ಕೆ ಈ ದಾರಿಯಲ್ಲಿ 22 ನಿಮಿಷ ಹಿಡಿಯಿತು, ನಿಮಿಷಕ್ಕೆ ಐದೂವರೆ. ಉಪನ್ಯಾಸಕ್ಕೆ ಮೂರೂವರೆ. ವಿರಾಮಚಿಹ್ನೆಗಳನ್ನು ಆಮೇಲೆ ಕೈಯಿಂದಲೇ ಹಾಕಬೇಕು, ಆ ಹೊತ್ತೂ ಇದರಲ್ಲಿ ಸೇರಿದೆ. ಇದರ ದೊಡ್ಡ ಅಪಾಯವೆಂದರೆ ಹೇಳುವವರ ನಾಲಗೆ. ನಾನು ಮೈಸೂರು ಕಡೆಯವಳು. ಅಜ್ಜಿ ನೇಯಾಕತ್ತಿದ್ವಿ ಎಂದದ್ದನ್ನು ನನಗೆ ತಿಳಿಯದೆಯೇ ನೇಯ್ತಾ ಇದ್ವಿ ಎಂದು ಹೇಳಿಬಿಟ್ಟಿದ್ದೆ. ಮಾತಿನ ಒಕ್ಕಣೆ ಹಾಗೆಯೇ ಇರಬೇಕು ಎನ್ನುವ ಸಂಶೋಧಕರಿಗೆ ಅಥವಾ ಜಾನಪದ ಸಂಗ್ರಹಕಾರರಿಗೆ ಇದು ಒಪ್ಪುವ ಮಾತಲ್ಲ. ಆಡುಮಾತಿನ ಕ್ರಿಯಾರೂಪಗಳನ್ನು ಯಂತ್ರವೂ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅಂಥ ಪದಗಳನ್ನು ಕೈಯಿಂದ ಟೈಪ್ ಮಾಡುವುದೇ ಸರಿ. ಗೋಪ್ಯತೆಯ ಮಟ್ಟಿಗೂ ಒಂದು ಮಾತು: ಇಲ್ಲಿ ಸಂದರ್ಶನದ ಮೂಲ ಧ್ವನಿ ಹೊರಗೆ ಹೋಗದಿದ್ದರೂ, ನಿಮ್ಮ ಬಾಯಿಂದ ಅದರ ಒಳಗಿನ ಮಾತೆಲ್ಲ ಅಂತರ್ಜಾಲದ ಸೇವೆಗೆ ಹೋಗಿಯೇ ಹೋಗುತ್ತದೆ. ವೈದ್ಯಕೀಯ ಸಂದರ್ಶನ, ಕೋರ್ಟಿಗೆ ಸಂಬಂಧಿಸಿದ ಹೇಳಿಕೆ, ಮಕ್ಕಳ ಮಾತು ಇವುಗಳಿಗೆ ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಇದನ್ನು ಬಳಸಬಾರದು. ಅಂಥ ಕೆಲಸಕ್ಕೆ ಕೈ ಟೈಪಿಂಗ್, ಇಲ್ಲವೇ ಸ್ವಂತ ಕಂಪ್ಯೂಟರಿನಲ್ಲೇ ನಡೆಯುವ ಮಾದರಿ, ಇವೆರಡೇ ದಾರಿ.

ಸಬ್‌ಟೈಟಲ್ ಆದಾಗ ಏನು ಬದಲಾಗುತ್ತದೆ

ಬರಹ ಸಿದ್ಧವಾದ ಮೇಲೆ ಸಬ್‌ಟೈಟಲಿನ ಕೆಲಸ ಅರ್ಧವೂ ಮುಗಿದಿರುವುದಿಲ್ಲ. ವಿಂಡೋಸಿನಲ್ಲಿ ಉಚಿತವಾದ ಸಬ್‌ಟೈಟಲ್ ಎಡಿಟ್ ಈ ಹಂತಕ್ಕೆ ಬಹಳ ಒಗ್ಗುತ್ತದೆ, ಮ್ಯಾಕ್ ಮತ್ತು ಲಿನಕ್ಸಿನಲ್ಲೂ ನಡೆಯುವ ಏಜಿಸಬ್ ಇನ್ನೊಂದು ಆಯ್ಕೆ. ಎರಡರಲ್ಲೂ ಧ್ವನಿಯ ಅಲೆ ಕಣ್ಣೆದುರಿಗಿರುತ್ತದೆ, ಮಾತು ಶುರುವಾಗುವ ಜಾಗಕ್ಕೆ ಸಾಲಿನ ಅಂಚನ್ನು ಎಳೆದು ಕೂಡಿಸಬಹುದು. ಕಡತವನ್ನು ಉಳಿಸುವಾಗ ಎನ್‌ಕೋಡಿಂಗ್ `UTF-8` ಇರುವುದನ್ನು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಗ್ರಾಹಕರ ಪರದೆಯ ಮೇಲೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಕನ್ನಡ ಸಬ್‌ಟೈಟಲ್ ಮಾಡುವವರು ಒಂದು ಸಂಗತಿಯನ್ನು ಗಮನಿಸಲೇಬೇಕು. ಓದುವ ವೇಗವನ್ನು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಅಳೆಯುವುದು ರೂಢಿ. ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡು ಸಾಲು, ಸೆಕೆಂಡಿಗೆ 17ರಿಂದ 20 ಅಕ್ಷರ ಎಂಬ ಮಿತಿಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಆದರೆ ಸಾಫ್ಟ್‌ವೇರ್ ಎಣಿಸುವುದು ಸಾಮಾನ್ಯವಾಗಿ ಯುನಿಕೋಡ್ ಸಂಕೇತಗಳನ್ನು, ನಾವು ಕಣ್ಣಿನಲ್ಲಿ ಕಾಣುವ ಅಕ್ಷರಗಳನ್ನಲ್ಲ. ಸ್ತ್ರೀಶಕ್ತಿ ಎಂಬ ಪದ ಓದುವವರಿಗೆ ಮೂರು ಅಕ್ಷರ, ಆದರೆ ಅದರೊಳಗೆ ಸಂಕೇತಗಳು ಹನ್ನೊಂದು. ಹಾಗಾಗಿ ಸರಿಯಾಗಿಯೇ ಇರುವ ಕನ್ನಡ ಸಾಲುಗಳೂ ಕೆಂಪು ಬಣ್ಣಕ್ಕೆ ತಿರುಗುತ್ತವೆ, ಹೊಸಬರು ಗಾಬರಿಯಿಂದ ಮಾತನ್ನು ಕತ್ತರಿಸುತ್ತಾರೆ. ಗ್ರಾಹಕರ ಮಿತಿ ಯಾವ ಎಣಿಕೆಯದ್ದು ಎಂದು ಮೊದಲೇ ಕೇಳಿಕೊಳ್ಳಿ. ಅವರಿಗೂ ಗೊತ್ತಿಲ್ಲದಿದ್ದರೆ, ಧ್ವನಿ ಮುಚ್ಚಿ, ಸಾಲು ಪರದೆಯ ಮೇಲಿರುವಷ್ಟು ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಒಮ್ಮೆ ಓದಿ ಮುಗಿಸಲು ಆಗುತ್ತದೆಯೇ ನೋಡುವುದು ನಾನು ನೆಚ್ಚಿರುವ ಪರೀಕ್ಷೆ.

ಇಂಗ್ಲಿಷಿಗೆ ಅನುವಾದಿಸುವಾಗ ತೊಂದರೆ ಬೇರೆ. ಕನ್ನಡದ ವಾಕ್ಯದಲ್ಲಿ ಇಲ್ಲ ಎಂಬುದು ಕೊನೆಗೆ ಬರುತ್ತದೆ. ಮೇಲಿನ 118ನೇ ಸಾಲಿನಲ್ಲಿ ಅಜ್ಜಿ ಕೊಡ್ತಿದ್ದಿಲ್ಲ ಎನ್ನುವ ಮೊದಲು ಅರೆಗಳಿಗೆ ತಡೆದರು, ಮುಖ ತಿರುಗಿಸಿದರು. ಇಂಗ್ಲಿಷ್ ಸಾಲು ಆ ನಿರಾಕರಣೆಯನ್ನು ಆರಂಭದಲ್ಲೇ ಹೇಳಿಬಿಟ್ಟರೆ ನೋಡುಗರು ಅವರ ಮುಖಕ್ಕಿಂತ ಮುಂದೆ ಓಡಿರುತ್ತಾರೆ. ಹಾಗಾಗಿ ದುಡ್ಡಿನ ಮಾತನ್ನು ಒಂದು ಸಾಲಾಗಿಯೂ ಕೊಡದಿದ್ದ ಮಾತನ್ನು ಬೇರೆ ಸಾಲಾಗಿಯೂ ಒಡೆದು, ಎರಡನೆಯದನ್ನು ಆ ಮೌನ ಮುಗಿದ ಮೇಲೆ ಕಾಣಿಸುವಂತೆ ಮಾಡಿದೆ. ಇಂಥ ನಿರ್ಧಾರಗಳಿಗೆ ಹಿಡಿಯುವ ಹೊತ್ತೇ ಸಬ್‌ಟೈಟಲಿನ ದರ ಬರಹದ ದರಕ್ಕಿಂತ ಹೆಚ್ಚಾಗಿರಲು ಕಾರಣ. ಸಮಯ ಕೂಡಿಸಲು ನಿಮಿಷಕ್ಕೆ ಐದು, ಅನುವಾದಕ್ಕೆ ಏಳು, ಒಟ್ಟು 12 ನಿಮಿಷ ಈ ಕೆಲಸದಲ್ಲಿ ಹಿಡಿಯಿತು.

ನಿಖರತೆಯನ್ನು ಪರೀಕ್ಷಿಸುವ ಬಗೆ

ಯಾವ ದಾರಿ ಹಿಡಿದರೂ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು, ಕನಿಷ್ಠ ಒಂದು ರಾತ್ರಿ ಕಳೆದ ಮೇಲೆ, ಪಠ್ಯವನ್ನು ಮುಂದಿಟ್ಟುಕೊಂಡು ಧ್ವನಿಯನ್ನು ಸಹಜ ವೇಗದಲ್ಲಿ ಪೂರ್ತಿ ಕೇಳುವುದು. ಆಗ ಹೆಸರು, ಸಂಖ್ಯೆ, ಇಲ್ಲ ಮತ್ತು ಅಲ್ಲ ಎಂಬ ನಿಷೇಧಗಳು, ಯಾರ ಮಾತು ಯಾರದೆಂದು ಬರೆದದ್ದು, ಇವು ನಾಲ್ಕರ ಮೇಲೆ ವಿಶೇಷ ಕಣ್ಣಿಡಬೇಕು. ಊರು, ಮನೆತನ, ಕಸುಬಿನ ಪದಗಳ ಪಟ್ಟಿಯನ್ನು ಬೇರೆಯಾಗಿ ಬರೆದು, ಸಂದರ್ಶನ ಮಾಡಿದವರಿಗೇ ಕಳಿಸಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ದಡಿ ಮತ್ತು ಕೊಂಡಿಯ ವಿಷಯ ನನಗೆ ಖಾತ್ರಿಯಾದದ್ದು ಹಾಗೆಯೇ.

ಎರಡನೆಯದು ಮಾದರಿ ಎಣಿಕೆ. ಆರಂಭ, ನಡು, ಕೊನೆಗಳಿಂದ ಒಂದೊಂದು ನಿಮಿಷ ಆರಿಸಿ, ಮೊದಲಿನ ಬರಹ ನೋಡದೆ ಮತ್ತೆ ಕೈಯಿಂದ ಟೈಪ್ ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಮೂರು ನಿಮಿಷದಲ್ಲಿ ಸುಮಾರು 300 ಪದಗಳಿದ್ದು ಆರು ಕಡೆ ವ್ಯತ್ಯಾಸವಿದ್ದರೆ ನೂರಕ್ಕೆ ಎರಡು ತಪ್ಪು, ನಿಖರತೆ ಶೇ 98 ಎಂದು ಹೇಳುವುದು ವಾಡಿಕೆ. ಆದರೆ ಕನ್ನಡದಲ್ಲಿ ಈ ಪದಗಳ ಎಣಿಕೆ ಮೋಸ ಮಾಡುತ್ತದೆ. ಹೋಗಬೇಕಾಗಿತ್ತು ಎಂಬುದನ್ನು ಹೋಗ ಬೇಕಾಗಿತ್ತು ಎಂದು ಬಿಡಿಸಿ ಬರೆದರೆ, ಒಂದು ಪದ ಬದಲಾಯಿತು, ಇನ್ನೊಂದು ಹೆಚ್ಚಾಯಿತು ಎಂದು ಎರಡು ತಪ್ಪು ಲೆಕ್ಕಕ್ಕೆ ಬರುತ್ತವೆ. ಕೊಡ್ತಿದ್ದಿಲ್ಲ ಎಂಬುದು ಕೊಡ್ತಿದ್ರಲ್ಲ ಎಂದಾದರೆ ಒಂದೇ ತಪ್ಪು. ಅರ್ಥಕ್ಕೆ ಏನೂ ಆಗದ್ದಕ್ಕೆ ಎರಡು, ಅರ್ಥವೇ ತಲೆಕೆಳಗಾದದ್ದಕ್ಕೆ ಒಂದು! ಆದ್ದರಿಂದ ವ್ಯತ್ಯಾಸಗಳನ್ನು ಎರಡು ಗುಂಪು ಮಾಡಿ. ಪದ ಬಿಡಿಸಿದ್ದು, ಕಾಗುಣಿತ, ವಿರಾಮಚಿಹ್ನೆ ಒಂದು ಗುಂಪು, ಅರ್ಥ ಬದಲಿಸುವಂಥವು ಇನ್ನೊಂದು. ಎರಡನೆಯ ಗುಂಪಿನಲ್ಲಿ ಆ ಮೂರು ನಿಮಿಷದೊಳಗೆ ಒಂದೇ ಒಂದು ಸಿಕ್ಕರೂ ಇಡೀ ಕಡತವನ್ನು ಮತ್ತೊಮ್ಮೆ ಕೇಳಬೇಕು. ಗ್ರಾಹಕರಿಗೆ ಶೇಕಡಾವಾರು ನಿಖರತೆಯ ಭರವಸೆ ಕೊಡುವ ಬದಲು ಈ ಕ್ರಮವನ್ನೇ ವಿವರಿಸಿ ಹೇಳುವುದು ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ.

ದರವನ್ನು ಕಟ್ಟುವುದು

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ತಿಂಗಳಿಗೆ 30,000 ರೂಪಾಯಿ ಸಂಪಾದನೆ ಬೇಕು, ಇಂಟರ್ನೆಟ್, ವಿದ್ಯುತ್, ಉಪಕರಣಗಳ ಸವೆತಕ್ಕೆ 3,000 ಎಂದಿಟ್ಟುಕೊಳ್ಳಿ. ಕಿವಿಗೊಟ್ಟು ಮಾಡುವ ಕೆಲಸವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಮಾಡಿದರೆ ತಪ್ಪುಗಳು ಏರುತ್ತವೆ, ಆದ್ದರಿಂದ 22 ದಿನಕ್ಕೆ 110 ಗಂಟೆ. ಆಗ ಗಂಟೆಗೆ 300 ರೂಪಾಯಿ, ದುಡಿಮೆಯ ಒಂದು ನಿಮಿಷಕ್ಕೆ 5 ರೂಪಾಯಿ ಬರಬೇಕು. ನಿಮ್ಮ ಅಗತ್ಯ ಬೇರೆಯಾದರೆ ಈ ಅಂಕಿ ಬದಲಾಗುತ್ತದೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಇಳಕಲ್ ಸಂದರ್ಶನಕ್ಕೆ ಮರುಪರಿಶೀಲನೆಗೆಂದು ನಿಮಿಷಕ್ಕೆ ಎರಡು (ಯಂತ್ರದ ಕರಡಾದರೆ ಮೂರು), ಹೊಂದಿಸಿ ಕಳಿಸುವುದಕ್ಕೆ ಅರ್ಧ ನಿಮಿಷ ಸೇರಿಸಿದೆ. ಕೈ ಟೈಪಿಂಗಿಗೆ ಒಟ್ಟು 10 ನಿಮಿಷ, ಅಂದರೆ ಆಡಿಯೊ ನಿಮಿಷಕ್ಕೆ 50 ರೂಪಾಯಿ. ಯಂತ್ರದ ಕರಡಿಗೆ ಒಂಬತ್ತೂವರೆ, ಅಂದರೆ 47.50. ಹೇಳಿ ಬರೆಸುವುದಕ್ಕೆ ಎಂಟು, ಅಂದರೆ 40. ಉಪನ್ಯಾಸದಲ್ಲಿ ಚಿತ್ರ ಪೂರ್ತಿ ತಿರುಗುತ್ತದೆ. ಅಲ್ಲಿ ಧ್ವನಿ ಶುಭ್ರವಾಗಿದ್ದರಿಂದ ಯಾವ ದಾರಿಗಾದರೂ ಮರುಪರಿಶೀಲನೆ, ಹೊಂದಿಸಿ ಕಳಿಸುವುದು ಎರಡಕ್ಕೂ ಸೇರಿ ಎರಡೇ ನಿಮಿಷ ಹಿಡಿದೆ. ಯಂತ್ರದ ಕರಡಿಗೆ ಎಲ್ಲ ಸೇರಿ ನಾಲ್ಕು ನಿಮಿಷ, 20 ರೂಪಾಯಿ. ಹೇಳಿ ಬರೆಸಿದರೆ 27.50, ಕೈಯಿಂದಾದರೆ 35. ಒಂದೇ ವ್ಯಕ್ತಿ, ಒಂದೇ ಕಂಪ್ಯೂಟರು, ಆದರೂ 20ರಿಂದ 50ರವರೆಗೆ ದರ ಏರಿಳಿಯುವುದು ಧ್ವನಿಯ ಗುಣದಿಂದ. ಎಲ್ಲಕ್ಕೂ ಒಂದೇ ದರ ಹೇಳುವವರು ಸುಲಭದ ಕೆಲಸವನ್ನು ಕಡಿಮೆ ಹೇಳಿದವರಿಗೆ ಬಿಟ್ಟುಕೊಟ್ಟು, ಕಷ್ಟದ ಕೆಲಸವನ್ನು ನಷ್ಟದಲ್ಲಿ ಮಾಡುತ್ತಿರುತ್ತಾರೆ.

ನಾನು ಆ ಕೆಲಸವನ್ನು ಹೇಳಿ ಬರೆಸಿ, ಆಡುಮಾತಿನ ರೂಪಗಳನ್ನು ಕೈಯಿಂದ ತಿದ್ದಿ ಮಾಡಿದೆ. 42 ನಿಮಿಷಕ್ಕೆ 40ರಂತೆ 1,680 ರೂಪಾಯಿ. ಸಬ್‌ಟೈಟಲಿನ 12 ನಿಮಿಷಕ್ಕೆ, ನಿಮಿಷಕ್ಕೆ 12 ನಿಮಿಷದ ದುಡಿಮೆಯಂತೆ, 60ರ ದರದಲ್ಲಿ 720. ಒಟ್ಟು 2,400. ಸಂಸ್ಥೆಗಳು ವೃತ್ತಿಪರ ಸೇವೆಯ ಶುಲ್ಕದಿಂದ, ವರ್ಷದ ಮೊತ್ತ ನಿಗದಿತ ಮಿತಿ ದಾಟಿದಾಗ, ಶೇ 10ರಷ್ಟು ಟಿಡಿಎಸ್ ಹಿಡಿಯುತ್ತವೆ. ಅದು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಕೈಗೆ ಬರುವ ಹಣ ಅಷ್ಟು ಕಡಿಮೆಯಿರುತ್ತದೆ ಎಂಬುದನ್ನು ಮನೆಯ ಖರ್ಚಿನ ಲೆಕ್ಕದಲ್ಲಿ ನೆನಪಿಡಬೇಕು.

ಒಪ್ಪಂದದ ಮಿಂಚಂಚೆಯಲ್ಲಿ ಕೆಲವನ್ನು ಬರೆದೇ ಇಡಬೇಕು. ನಿಮಿಷದ ಎಣಿಕೆ ಇಡೀ ಕಡತದ ಉದ್ದಕ್ಕೋ ಮಾತಿರುವ ಭಾಗಕ್ಕೋ ಎಂಬುದು, ಆಂ, ಅದೇ, ಮತ್ತೆ ಎಂಬ ತಡವರಿಕೆಗಳೂ ಸೇರಿದಂತೆ ಪ್ರತಿ ಮಾತೂ ಬೇಕೋ ಓದಲು ಸಲೀಸಾದ ಬರಹ ಸಾಕೋ ಎಂಬುದು, ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಎಷ್ಟು ಹೆಚ್ಚುವರಿ ಎಂಬುದು. ನಿಮ್ಮ ತಪ್ಪನ್ನು ತಿದ್ದುವುದು ದರದೊಳಗೇ ಸೇರಿದೆ, ಆದರೆ ಚಿತ್ರದ ಸಂಕಲನ ಬದಲಾಗಿ ಸಬ್‌ಟೈಟಲಿನ ಸಮಯ ಮತ್ತೆ ಕೂಡಿಸಬೇಕಾದರೆ ಅದು ಹೊಸ ಕೆಲಸ ಎಂಬುದನ್ನೂ ಸೇರಿಸಿ.

ಹೊಸದಾಗಿ ಆರಂಭಿಸುವವರು, ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್ ಮಾತ್ರ ಇರುವವರು, ಕೈ ಟೈಪಿಂಗಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಕಿವಿ ಪಳಗುವುದು ಅಲ್ಲಿಯೇ. ಟೈಪಿಂಗ್ ನಿಧಾನವಾಗಿದ್ದು ಉಚ್ಚಾರಣೆ ಸ್ಪಷ್ಟವಾಗಿದ್ದರೆ, ಮನೆಯಲ್ಲಿ ಸದ್ದಿಲ್ಲದ ಒಂದು ಕೋಣೆ ಸಿಗುವುದಾದರೆ, ಹೇಳಿ ಬರೆಸುವುದನ್ನು ಪ್ರಯತ್ನಿಸಿ. ಉಪನ್ಯಾಸ, ಪಾಠ, ಪಾಡ್‌ಕಾಸ್ಟುಗಳಂಥ ಶುಭ್ರ ಧ್ವನಿಯ ಕೆಲಸ ನಿಯಮಿತವಾಗಿ ಬರುತ್ತಿದ್ದರೆ ಯಂತ್ರದ ಕರಡೇ ಲಾಭ, ಅದಕ್ಕೆ ಗ್ರಾಫಿಕ್ಸ್ ಕಾರ್ಡುಳ್ಳ ಕಂಪ್ಯೂಟರಿಗೆ ಹಣ ಹಾಕುವುದೂ ಸಲ್ಲುತ್ತದೆ. ನಾಲ್ಕು ಜನ ಒಟ್ಟಿಗೆ ಮಾತನಾಡುವ ಗುಂಪು ಚರ್ಚೆಗಳಿಗೆ, ಆಡುನುಡಿಯ ಒಂದಕ್ಷರವೂ ಬದಲಾಗಬಾರದ ಸಂಶೋಧನೆಗೆ ಕೈಯ ಬದಲು ಬೇರೆ ದಾರಿ ನನಗೆ ಕಂಡಿಲ್ಲ.

ಮುಂದಿನ ಕೆಲಸ ಬಂದಾಗ ಕಡತದ ನಡುವಿನಿಂದ ಮೂರು ತುಣುಕು, ಒಂದೊಂದು ನಾಲ್ಕು ನಿಮಿಷದ್ದು, ಕೇಳಿ ಪಡೆಯಿರಿ. ಆರಂಭದ ತುಣುಕು ಬೇಡ, ಅಲ್ಲಿ ಎಲ್ಲರೂ ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡುತ್ತಾರೆ. ಒಂದೊಂದನ್ನು ಒಂದೊಂದು ದಾರಿಯಲ್ಲಿ ಮಾಡಿ, ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಂಡು, ಪರಿಶೀಲನೆಯ ಹೊತ್ತು ಸೇರಿಸಿ ನಿಮ್ಮ ನಿಮಿಷದ ದರದಿಂದ ಗುಣಿಸಿ, ಆ ಬಳಿಕ ಗ್ರಾಹಕರಿಗೆ ಉತ್ತರ ಬರೆಯಿರಿ.